ಕೆಂಪು ಕಣ್ಣು, ಒಡೆದ ತುಟಿ, ಇಳಿಯದ ಜ್ವರ: ನಮ್ಮ ಮಗನ ಹೃದಯದ ಸ್ಕ್ಯಾನ್ ತಡವಾದ ಬಗೆ

ಕಳೆದ ವರ್ಷದ ಮಳೆಗಾಲದಲ್ಲಿ ಒಂದು ಸೋಮವಾರ ಸಂಜೆ ನಮ್ಮ ಮೂರು ವರ್ಷದ ಮಗ ಗಂಟಲು ನೋವೆಂದು ಅತ್ತು ಊಟ ಬಿಟ್ಟ. ರಾತ್ರಿಯ ಹೊತ್ತಿಗೆ ಜ್ವರ 103 ಡಿಗ್ರಿ ದಾಟಿತ್ತು. ಮರುದಿನ ಹತ್ತಿರದ ಕ್ಲಿನಿಕ್ಕಿನಲ್ಲಿ ಗಂಟಲು ಕೆಂಪಾಗಿದೆ, ಟಾನ್ಸಿಲ್ ಸೋಂಕು ಎಂದು ಹೇಳಿ ಆ್ಯಂಟಿಬಯೋಟಿಕ್ ಸಿರಪ್ ಬರೆದುಕೊಟ್ಟರು. ಬುಧವಾರ ಎದೆ ಮತ್ತು ಬೆನ್ನಿನ ಮೇಲೆ ಕೆಂಪು ದದ್ದುಗಳೆದ್ದಾಗ ಅದು ಸಿರಪ್ಪಿನ ಅಲರ್ಜಿ ಎನಿಸಿಕೊಂಡಿತು, ಔಷಧ ಬದಲಾಯಿತು. ಗುರುವಾರ ಎರಡೂ ಕಣ್ಣು ಕೆಂಪಾದಾಗ ಕಣ್ಣಿಗೆ ಹನಿ ಬಂತು. ಶುಕ್ರವಾರ ತುಟಿಗಳು ಕೆಂಪೇರಿ ಒಡೆದು ರಕ್ತ ಜಿನುಗಿದಾಗ ನಮ್ಮ ಅತ್ತೆಯವರು ಉಷ್ಣವಾಗಿದೆ ಎಂದು ಬೆಣ್ಣೆ ಸವರಿ ಜೀರಿಗೆ ನೀರು ಕುಡಿಸಿದರು. ಒಂದೊಂದು ಲಕ್ಷಣಕ್ಕೂ ಒಂದೊಂದು ಕಾರಣ ಸಿಕ್ಕಿತು, ಪ್ರತಿ ಕಾರಣವೂ ಆ ದಿನಕ್ಕೆ ಸರಿಯೆಂದೇ ತೋರಿತು. ಜ್ವರ ಮಾತ್ರ ಇಳಿಯಲಿಲ್ಲ. ಪ್ಯಾರಾಸಿಟಮಾಲ್ ಕೊಟ್ಟರೆ ಎರಡು ಗಂಟೆ ತಗ್ಗಿ ಮತ್ತೆ ಏರುತ್ತಿತ್ತು.

ಅದೇ ಶುಕ್ರವಾರ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದೆವು. ಡೆಂಗಿ ಪರೀಕ್ಷೆ ನೆಗೆಟಿವ್ ಬಂತು, ಪ್ಲೇಟ್‌ಲೆಟ್ ಎಣಿಕೆ ಕುಸಿದಿರಲಿಲ್ಲ. ನಾವು ಅದನ್ನೇ ಶುಭವಾರ್ತೆ ಎಂದುಕೊಂಡೆವು. ಮಗುವಿನ ಎದೆಬಡಿತ ವೇಗವಾಗಿದೆ ಎಂದು ಶನಿವಾರ ಇಸಿಜಿ ತೆಗೆದು, ಹೃದಯಕ್ಕೆ ಏನೂ ಆಗಿಲ್ಲ ಎಂದರು. ಈ ಒಂದು ಮಾತು ನಮ್ಮ ಎರಡು ದಿನಗಳನ್ನು ತಿಂದುಹಾಕಿತು. ಇಸಿಜಿ ತೋರಿಸುವುದು ಹೃದಯದ ವಿದ್ಯುತ್ ಚಲನೆಯನ್ನು. ಹೃದಯದ ಸ್ನಾಯುವಿಗೇ ರಕ್ತ ಒಯ್ಯುವ ಕರೋನರಿ ಧಮನಿಗಳ ಗೋಡೆ ಉಬ್ಬಿದೆಯೇ ಎಂಬುದನ್ನು ಅದು ಹೇಳಲಾರದು, ಎದೆಯ ಎಕ್ಸ್‌ರೇ ಹೇಳಲಾರದು, ಸ್ಟೆತಾಸ್ಕೋಪಿನ ಕಿವಿಗೂ ಅದು ಕೇಳಿಸದು.

ಭಾನುವಾರ ಕಣ್ಣಿನ ಕೆಂಪು ಬಹುಮಟ್ಟಿಗೆ ಹೋಗಿತ್ತು, ದದ್ದು ಮಾಸಿತ್ತು. ಗುಣವಾಗುತ್ತಿದೆ ಎಂಬ ಮಾತು ವಾರ್ಡಿನಲ್ಲಿ ಹಬ್ಬಿತು. ಆದರೆ ಅಂಗೈ, ಅಂಗಾಲು ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ. ಎತ್ತಿಕೊಂಡರೂ ಮಲಗಿಸಿದರೂ ಅವನು ಒಂದೇ ಸಮನೆ ಕಿರುಚುತ್ತಿದ್ದ. ಸೋಮವಾರ, ಅಂದರೆ ಜ್ವರದ ಎಂಟನೆಯ ದಿನ, ನಾವಾಗಿಯೇ ಬಿಡುಗಡೆ ಬರೆಸಿಕೊಂಡು ಬೆಂಗಳೂರಿನ ಮಕ್ಕಳ ತಜ್ಞರೊಬ್ಬರ ಬಳಿಗೆ ಹೋದೆವು.

ಅವರು ಮೊದಲು ಕೇಳಿದ್ದು ಫೋನನ್ನು. "ಅಮ್ಮಾ, ಕಳೆದ ಸೋಮವಾರದಿಂದ ತೆಗೆದ ಫೋಟೋ ಎಲ್ಲ ಒಂದೊಂದಾಗಿ ತೋರಿಸಿ" ಎಂದರು. ಗುರುವಾರದ ಚಿತ್ರದಲ್ಲಿ ಕಣ್ಣು ಕೆಂಪಾಗಿತ್ತು, ಆದರೆ ಪಿಸುರು ಇರಲಿಲ್ಲ, ರೆಪ್ಪೆ ಅಂಟಿರಲಿಲ್ಲ, ಕಪ್ಪು ಗುಡ್ಡೆಯ ಸುತ್ತ ಬಿಳಿಯ ಒಂದು ಬಳೆ ಉಳಿದಿತ್ತು. ಗಂಟಲಿನಲ್ಲಿ ಕೆಂಪು ಇತ್ತೇ ಹೊರತು ಕೀವಿನ ಚುಕ್ಕೆಗಳಿರಲಿಲ್ಲ. ನಾಲಿಗೆ ಸ್ಟ್ರಾಬೆರಿ ಹಣ್ಣಿನಂತೆ ಗುಳ್ಳೆಗುಳ್ಳೆಯಾಗಿತ್ತು. ಆಮೇಲೆ ಅವರು ಅಂಗಿಯ ತೋಳು ಸರಿಸಿ ಎಡತೋಳಿನ ಬಿಸಿಜಿ ಲಸಿಕೆಯ ಕಲೆಯನ್ನು ನೋಡಿದರು. ಮೂರು ವರ್ಷದ ಹಳೆಯ ಕಲೆ ಹೊಸ ಗಾಯದಂತೆ ಕೆಂಪಾಗಿ ಗಟ್ಟಿಯಾಗಿತ್ತು. ನಾನು ದಿನವೂ ಸ್ನಾನದ ಬದಲು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ ತೋಳು ಅದು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಕಾಯಿಲೆಯ ಹೆಸರು ಕಾವಾಸಾಕಿ. ಜಪಾನಿನ ಮಕ್ಕಳ ವೈದ್ಯ ತೊಮಿಸಾಕು ಕಾವಾಸಾಕಿ 1967ರಲ್ಲಿ 50 ಮಕ್ಕಳ ವಿವರ ಪ್ರಕಟಿಸಿ ಇದನ್ನು ಗುರುತಿಸಿದರು. ರಕ್ತನಾಳಗಳ ಗೋಡೆ ಉರಿಯೂತಕ್ಕೊಳಗಾಗುವ ಈ ಕಾಯಿಲೆ ಹೆಚ್ಚಾಗಿ ಐದು ವರ್ಷದೊಳಗಿನವರಿಗೆ ಬರುತ್ತದೆ. ನಿರ್ದಿಷ್ಟ ಕಾರಣ ಇಂದಿಗೂ ಪತ್ತೆಯಾಗಿಲ್ಲ, ಇದೊಂದೇ ಎಂದು ಹೇಳುವ ರಕ್ತಪರೀಕ್ಷೆಯೂ ಇಲ್ಲ. ಐದು ದಿನ ಅಥವಾ ಹೆಚ್ಚಿನ ಜ್ವರದೊಂದಿಗೆ ಕಣ್ಣು, ತುಟಿ ಹಾಗೂ ಬಾಯಿ, ದದ್ದು, ಕೈಕಾಲಿನ ಊತ, ಕುತ್ತಿಗೆಯ ಗಂಟು ಎಂಬ ಐದರಲ್ಲಿ ನಾಲ್ಕು ಕಂಡರೆ ರೋಗನಿರ್ಣಯ ಮಾಡುತ್ತಾರೆ. ಆದರೆ ನಾಲ್ಕೂ ಒಂದೇ ದಿನ ಕಾಣಬೇಕೆಂದಿಲ್ಲ, ಒಂದು ಬಂದು ಹೋದ ಮೇಲೆ ಇನ್ನೊಂದು ಬರಬಹುದು. ನಮ್ಮ ಮಗನನ್ನು ನೋಡಿದ ಯಾರೂ ದಡ್ಡರಲ್ಲ. ಪ್ರತಿಯೊಬ್ಬರೂ ನೋಡಿದ್ದು ಆ ದಿನದ ಮಗುವನ್ನು ಮಾತ್ರ, ಮತ್ತು ಹಿಂದಿನ ದಿನ ಏನಿತ್ತೆಂದು ನಾನು ಹೇಳಲಿಲ್ಲ. ಶಿಶುಗಳಲ್ಲಂತೂ ಎರಡು ಮೂರು ಲಕ್ಷಣಗಳಷ್ಟೇ ಇದ್ದು ಹೃದಯಕ್ಕೆ ಹಾನಿಯಾಗುವುದುಂಟು.

ಅಂದು ಸಂಜೆಯೇ ಮಕ್ಕಳ ಹೃದ್ರೋಗ ತಜ್ಞರಿಂದ ಎಕೋ ಸ್ಕ್ಯಾನ್ ಆಯಿತು. ಅಳುವ ಮಗುವಿನಲ್ಲಿ ಆ ಸಣ್ಣ ಧಮನಿಗಳನ್ನು ಅಳೆಯಲಾಗದು ಎಂದು ನಿದ್ದೆಯ ಔಷಧ ಕೊಟ್ಟು ಮಾಡಿದರು. ಅಳತೆಯನ್ನು ಮಿಲಿಮೀಟರಿನಲ್ಲಿ ಮಾತ್ರ ನೋಡದೆ, ಮಗುವಿನ ಎತ್ತರ ಮತ್ತು ತೂಕಕ್ಕೆ ಹೋಲಿಸಿ ಜೆಡ್ ಸ್ಕೋರ್ ಎಂಬ ಅಂಕೆಯಾಗಿ ಬರೆಯುತ್ತಾರೆ. ಎರಡಕ್ಕಿಂತ ಕಡಿಮೆಯಿದ್ದರೆ ಸಹಜ, ಎರಡೂವರೆ ಮುಟ್ಟಿದರೆ ಧಮನಿ ಉಬ್ಬಿದೆ ಎಂದರ್ಥ, ಹತ್ತು ದಾಟಿದರೆ ದೈತ್ಯ ಉಬ್ಬು. ಎಡಧಮನಿಯ ಒಂದು ಕವಲಿನಲ್ಲಿ ನಮ್ಮ ಮಗನ ಅಂಕೆ 3.1 ಇತ್ತು.

ಮರುದಿನ ಬೆಳಿಗ್ಗೆ ಇಮ್ಯುನೊಗ್ಲಾಬ್ಯುಲಿನ್ ಹಾಕಿದರು. ಕಿಲೋಗೆ ಎರಡು ಗ್ರಾಂ ಲೆಕ್ಕದಲ್ಲಿ ಅವನ ಹನ್ನೆರಡೂವರೆ ಕಿಲೋಗೆ 25 ಗ್ರಾಂ, ಐದು ಗ್ರಾಂನ ಐದು ಬಾಟಲಿಗಳು, ಸುಮಾರು ಹನ್ನೆರಡು ಗಂಟೆಗಳ ಡ್ರಿಪ್. ದಾನಿಗಳ ರಕ್ತದಿಂದ ತಯಾರಾಗುವ ಈ ಔಷಧ ದುಬಾರಿ, ಒಡವೆ ಅಡವಿಟ್ಟೆವು. ಜ್ವರ ಶುರುವಾದ ಹತ್ತು ದಿನಗಳೊಳಗೆ ಇದು ಸಿಕ್ಕರೆ ಧಮನಿ ಉಬ್ಬುವ ಅಪಾಯ ನೂರರಲ್ಲಿ ಇಪ್ಪತ್ತೈದರಿಂದ ಸುಮಾರು ಐದಕ್ಕೆ ಇಳಿಯುತ್ತದೆ. ನಮ್ಮದು ಒಂಬತ್ತನೆಯ ದಿನ. ಡ್ರಿಪ್ ಮುಗಿದ ರಾತ್ರಿ ಜ್ವರ ಬಿಟ್ಟಿತು, ಅವನು ಕಿರುಚುವುದು ನಿಂತಿತು. ಕೆಲವು ಮಕ್ಕಳಲ್ಲಿ ಒಂದು ಸಲಕ್ಕೆ ಜ್ವರ ಬಿಡುವುದಿಲ್ಲ, ಮತ್ತೆ ಚಿಕಿತ್ಸೆ ಬೇಕಾಗುತ್ತದೆ.

ಜ್ವರ ಬಿಟ್ಟ ಮೇಲೂ ಸ್ಕ್ಯಾನ್ ಏಕೆ ಬೇಕೆಂದು ನಮ್ಮ ಯಜಮಾನರು ಕೇಳಿದರು. ಉಬ್ಬು ಮೊದಲ ವಾರದಲ್ಲಿ ಕಾಣದೆ ನಂತರದ ವಾರಗಳಲ್ಲಿ ಬೆಳೆಯಬಹುದಂತೆ. ಆದ್ದರಿಂದ ಮೊದಲ ಎಕೋ ಸಹಜವಾಗಿ ಬಂದರೂ ಕಾಯಿಲೆ ಇಲ್ಲವೆಂದಾಗದು, ಎಕೋಗೆ ಕಾಯುತ್ತ ಡ್ರಿಪ್ ತಡಮಾಡಲೂ ಬಾರದು. ಎರಡನೆಯ ಸಂಗತಿ ಪ್ಲೇಟ್‌ಲೆಟ್. ಎಂಟನೆಯ ದಿನ 5.2 ಲಕ್ಷವಿದ್ದದ್ದು ಮೂರನೆಯ ವಾರದಲ್ಲಿ 8.9 ಲಕ್ಷವಾಯಿತು. ಧಮನಿ ಹಿಗ್ಗಿರುವ ಹೊತ್ತಿಗೇ ರಕ್ತ ಹೆಪ್ಪುಗಟ್ಟುವ ಕಣಗಳೂ ಏರುವುದರಿಂದ, ಹೊರಗೆ ಆರೋಗ್ಯವಾಗಿ ಆಡುವ ಮಗುವಿನಲ್ಲಿ ಹೃದಯಾಘಾತದ ಸಾಧ್ಯತೆ ಆಗಲೇ ಇರುತ್ತದೆ. ಅದಕ್ಕಾಗಿಯೇ ಸಣ್ಣ ಪ್ರಮಾಣದ ಆಸ್ಪಿರಿನ್. ಇದನ್ನು ಓದಿ ಯಾರೂ ಜ್ವರದ ಮಗುವಿಗೆ ಮನೆಯಲ್ಲಿ ಆಸ್ಪಿರಿನ್ ಕೊಡಬೇಡಿ. ಡೆಂಗಿಯಿದ್ದರೆ ರಕ್ತಸ್ರಾವವಾಗುತ್ತದೆ, ಫ್ಲೂ ಅಥವಾ ಸೀತಾಳೆಸಿಡುಬು ಇದ್ದರೆ ಮೆದುಳಿಗೂ ಯಕೃತ್ತಿಗೂ ಹಾನಿಯಾಗಬಹುದು. ಆಸ್ಪಿರಿನ್ ನಡೆಯುವಾಗ ಐಬುಪ್ರೊಫೆನ್ ಕೊಟ್ಟರೆ ಅದರ ಕೆಲಸ ಕೆಡುತ್ತದೆ ಎಂದೂ ಎಚ್ಚರಿಸಿದ್ದರು.

ಹದಿನಾರನೆಯ ದಿನ ಬೆರಳ ತುದಿಗಳಿಂದ ಚರ್ಮ ಸಿಪ್ಪೆಯಂತೆ ಸುಲಿಯತೊಡಗಿತು. ಅನೇಕರು ಈ ಕಾಯಿಲೆಯನ್ನು ಗುರುತಿಸುವುದೇ ಆಗ. ಆ ಹೊತ್ತಿಗೆ ಹತ್ತು ದಿನಗಳ ಗಡುವು ಕಳೆದಿರುತ್ತದೆ.

ಎರಡನೆಯ ಎಕೋದಲ್ಲಿ 3.1 ಹಾಗೆಯೇ ಇತ್ತು, ಆರನೆಯ ವಾರ 2.6. ಆದ್ದರಿಂದ ಆರು ವಾರಕ್ಕೆ ನಿಲ್ಲಬೇಕಿದ್ದ ಆಸ್ಪಿರಿನ್ ಮುಂದುವರಿಯಿತು. ಒಂದು ವರ್ಷದ ಎಕೋದಲ್ಲಿ 1.8 ಬಂದ ಮೇಲೆ ವೈದ್ಯರು ನಿಲ್ಲಿಸಿದರು, ವರ್ಷಕ್ಕೊಮ್ಮೆ ಬರಲು ಹೇಳಿದ್ದಾರೆ. ಇಮ್ಯುನೊಗ್ಲಾಬ್ಯುಲಿನ್ ಪಡೆದ ಮೇಲೆ ಎಂಎಂಆರ್ ಮತ್ತು ಸೀತಾಳೆಸಿಡುಬಿನ ಲಸಿಕೆಗಳನ್ನು ಹನ್ನೊಂದು ತಿಂಗಳು ಮುಂದೂಡಬೇಕೆಂಬುದು ಬಿಡುಗಡೆ ಪತ್ರದ ಕೊನೆಯ ಸಾಲಿನಲ್ಲಿತ್ತು. ಲಸಿಕೆಯ ದಿನ ಬಂದಿತೆಂದು ನೆನಪಿಸಲು ಬಂದ ಆರೋಗ್ಯ ಕಾರ್ಯಕರ್ತೆಗೆ ಅದನ್ನು ತೋರಿಸಿದೆ; ಅವರು ಅವನ ಕಾರ್ಡಿನಲ್ಲಿ ಹೊಸ ದಿನಾಂಕ ಬರೆದುಕೊಟ್ಟರು.