ನಿಧನ ಪ್ರಕಟಣೆ ಕೊಡುವ ಮುಂಚೆ ಇದನ್ನು ಓದಿ

ಮನೆಯಲ್ಲಿ ಸಾವಾದಾಗ ಪತ್ರಿಕೆಗೆ ಪ್ರಕಟಣೆ ಕೊಡುವ ಕೆಲಸ ಯಾರಾದರೊಬ್ಬರ ತಲೆಗೆ ಬಂದೇ ಬರುತ್ತದೆ. ದೊಡ್ಡಪ್ಪ ತೀರಿಕೊಂಡಾಗ ಅದು ನನಗೂ ನನ್ನ ಅಣ್ಣನಿಗೂ ಬಂತು. ಜಾಹೀರಾತು ಬುಕ್ ಮಾಡಿಸುವ ಏಜೆಂಟ್ ಒಬ್ಬರಿಗೆ ಒಪ್ಪಿಸಿದೆವು. ಮರುದಿನ ಪತ್ರಿಕೆಯಲ್ಲಿ ದೊಡ್ಡಪ್ಪನ ಹೆಸರೇ ಕೆಟ್ಟಿತ್ತು, ಉಳಿದದ್ದನ್ನು ಓದಲು ಕನ್ನಡಕ ಸಾಲುತ್ತಿರಲಿಲ್ಲ. ಆ ಏಜೆಂಟ್ ಹೆಸರು ಇಲ್ಲಿ ಬೇಡ. ಇಂಥದ್ದು ಹೇಗೆ ಆಗುತ್ತದೆ ಅಂತ ಗೊತ್ತಿದ್ದರೆ ಸಾಕು.

ನಾವು ಕೊಟ್ಟಿದ್ದು ಏಳು ಸಾಲಿನ ಬರಹ. ಏಜೆಂಟ್ ಕೇಳದೆಯೇ ಇನ್ನೂ ನಾಲ್ಕು ಸಾಲು ಸೇರಿಸಿದರು: 'ಸದಾ ನಗುಮೊಗದ', 'ಬಾಳ ಪಯಣ ಮುಗಿಸಿ', ಕೊನೆಗೆ ಪ್ರಾಸವಿರುವ ಒಂದು ಚುಟುಕ. ಎಲ್ಲರಿಗೂ ಹಾಕುವ ಅದೇ ಸಾಲುಗಳು. ಖಾಲಿ ಕಂಡರೆ ತುಂಬಬೇಕು ಅನ್ನುವುದು ಅವರ ಅಭ್ಯಾಸ ಇರಬೇಕು. ಉಳಿದ ತೊಂದರೆಗಳಲ್ಲಿ ಅರ್ಧ ಇಲ್ಲಿಂದಲೇ ಶುರುವಾಯಿತು.

ಲೆಕ್ಕ ನೋಡಿ. ಇಂಥ ಜಾಹೀರಾತಿಗೆ ಜಾಗವನ್ನು ಚದರ ಸೆಂಟಿಮೀಟರ್ ಲೆಕ್ಕದಲ್ಲಿ ಮಾರುತ್ತಾರೆ. ನಾವು ತೆಗೆದುಕೊಂಡಿದ್ದು ಎರಡು ಕಾಲಮ್ ಅಗಲ, ಸುಮಾರು 8 ಸೆಂ.ಮೀ.; ಎತ್ತರ 10 ಸೆಂ.ಮೀ. ಅಕ್ಷರದ ಅಳತೆಯಲ್ಲಿ ಈ ಎತ್ತರ ಸುಮಾರು 283 ಪಾಯಿಂಟ್. ಮೇಲೆ ಕೆಳಗೆ 5 ಮಿ.ಮೀ. ಅಂಚು ಬಿಟ್ಟು, 3 ಸೆಂ.ಮೀ. ಎತ್ತರದ ಫೋಟೋ ಇಟ್ಟು, ಶೀರ್ಷಿಕೆ, ಹೆಸರು, ನಡುವಿನ ಖಾಲಿ ಜಾಗ ಎಲ್ಲ ಕಳೆದರೆ ಬರಹಕ್ಕೆ ಉಳಿಯುವುದು 118 ಪಾಯಿಂಟ್ ಅಷ್ಟೆ. ಏಳು ಸಾಲಾದರೆ ಒಂದೊಂದಕ್ಕೆ 15 ಪಾಯಿಂಟ್ ಕೊಡಬಹುದು, ಸ್ವಲ್ಪ ಮಿಗುತ್ತದೆ. ಹನ್ನೊಂದು ಸಾಲಾದರೆ ಒಂದೊಂದಕ್ಕೆ ಹನ್ನೊಂದು ಪಾಯಿಂಟೂ ಸಿಗುವುದಿಲ್ಲ.

ಇಂಗ್ಲಿಷ್ ಅಕ್ಷರ ಇಷ್ಟರಲ್ಲಿ ಹೇಗೋ ಬದುಕಿಕೊಳ್ಳುತ್ತದೆ. ಕನ್ನಡಕ್ಕೆ ಆಗುವುದಿಲ್ಲ. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲೆ ಏಳುತ್ತದೆ. ಅದಕ್ಕೇ 10 ಪಾಯಿಂಟ್ ಅಕ್ಷರಕ್ಕೆ 14-15 ಪಾಯಿಂಟ್ ಸಾಲಿನ ಅಂತರ ಬೇಕು. ನಮ್ಮದರಲ್ಲಿ ಅಕ್ಷರವನ್ನೂ ಕುಗ್ಗಿಸಿ, ಅಂತರವನ್ನೂ ಹಿಂಡಿದ್ದರು. 'ಶ್ರದ್ಧಾಂಜಲಿ' ಪದದ ಒತ್ತುಗಳು ಕೆಳಗಿನ ಸಾಲಿನ ಮೇಲೆ ಕೂತಿದ್ದವು.

ಇದು ಸಾಲದು ಅಂತ, ಪೂರ್ತಿ ಚೌಕಟ್ಟನ್ನು ಕಪ್ಪು ಮಾಡಿ ಅಕ್ಷರವನ್ನು ಬಿಳಿಯಾಗಿ ಬಿಟ್ಟಿದ್ದರು. 'ಗಂಭೀರವಾಗಿ ಕಾಣುತ್ತೆ ಸರ್' ಅಂದರು. ಫೋನಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಪತ್ರಿಕೆಯ ಕಾಗದ ಶಾಯಿ ಹೀರಿಕೊಳ್ಳುತ್ತದೆ, ಕಪ್ಪು ಸುತ್ತಲೂ ಸ್ವಲ್ಪ ಹರಡುತ್ತದೆ. ಬಿಳಿ ಕಾಗದದ ಮೇಲೆ ಕಪ್ಪು ಅಕ್ಷರ ಇದ್ದರೆ ಅದು ಕೊಂಚ ದಪ್ಪವಾಗುತ್ತದೆ, ಅಷ್ಟೆ. ಕಪ್ಪಿನ ಮೇಲೆ ಬಿಳಿ ಅಕ್ಷರ ಇದ್ದರೆ ತೆಳು ಗೆರೆಗಳೇ ಮುಚ್ಚಿಹೋಗುತ್ತವೆ. ಸಣ್ಣ ಅಕ್ಷರದಲ್ಲಿ ಮೊದಲು ಹೋಗುವುದು ಒತ್ತುಗಳು. ಫೋಟೋ ಕಥೆಯೂ ಇದೇ: ಮುಖದ ನೆರಳಿನ ಭಾಗ ಇನ್ನಷ್ಟು ಕಪ್ಪಾಗುತ್ತದೆ. ಆದ್ದರಿಂದ ಕೊಡುವಾಗಲೇ ಸ್ವಲ್ಪ ತಿಳಿ ಮಾಡಿ ಕೊಡಬೇಕು. ಫೋಟೋವನ್ನು ಮೆಸೇಜಿನಲ್ಲಿ ಚಿತ್ರವಾಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಅದು ಕುಗ್ಗಿ ಹೋಗುತ್ತದೆ.

ಈಗ ಹೆಸರಿನ ವಿಷಯಕ್ಕೆ ಬರುತ್ತೇನೆ. ದೊಡ್ಡಪ್ಪನ ಹೆಸರು 'ರಾಜ್‌ಕುಮಾರ್' ಥರದ್ದು, ನಡುವೆ ಅರ್ಧ ವ್ಯಂಜನ ಬಿಡಿಯಾಗಿ ನಿಲ್ಲಬೇಕು. ಫೋನಿನಲ್ಲಿ ನಾವು ಬರೆಯುವ ಯೂನಿಕೋಡ್ ಕನ್ನಡದಲ್ಲಿ ಹಾಗೆ ನಿಲ್ಲಿಸಲು ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ. ಹಳೆಯ ಡಿಟಿಪಿ ತಂತ್ರಾಂಶಕ್ಕೆ ಯೂನಿಕೋಡ್ ಕನ್ನಡ ಬರುವುದಿಲ್ಲ. ಹಾಗಾಗಿ ನಾವು ಕಳಿಸಿದ ಬರಹವನ್ನು ಹಳೆಯ ಫಾಂಟಿಗೆ ಪರಿವರ್ತಿಸುತ್ತಾರೆ. ಆ ಪರಿವರ್ತನೆಯಲ್ಲಿ ಕಾಣದ ಚಿಹ್ನೆ ಬಿದ್ದುಹೋದರೆ 'ರಾಜ್ಕುಮಾರ್' ಅಂತ ಒತ್ತಕ್ಷರವಾಗಿ ಅಂಟಿಕೊಳ್ಳುತ್ತದೆ. ನಮ್ಮಲ್ಲಿ ಆಗಿದ್ದು ಇದೇ. ಅರ್ಕಾವತ್ತು ಇರುವ ಪದಗಳು, ಚುಕ್ಕಿ ಹಾಕಿ ಬರೆಯುವ ಫ಼, ಜ಼ ಕೂಡ ಇದೇ ದಾರಿಯಲ್ಲಿ ಕೆಡಬಹುದು.

ಏಜೆಂಟ್ ಫೋನಿಗೆ ಕಳಿಸಿದ ಚಿತ್ರದಲ್ಲಿ ಹೆಸರು ಸರಿಯಾಗಿತ್ತು. ಅದನ್ನು ಅವರು ಬೇರೆ ಕಡೆ ಮಾಡಿದ್ದರು; ಅಚ್ಚಿಗೆ ಹೋದ ಫೈಲ್ ಬೇರೆ. ಅಣ್ಣ ಪಿಡಿಎಫ್ ಕೇಳಿದ್ದ. 'ಎರಡೂ ಒಂದೇ ಸರ್, ಟೈಮ್ ಇಲ್ಲ' ಅಂತ ಉತ್ತರ ಬಂತು. ಪಿಡಿಎಫ್ ಕೊಡಲು ತಕರಾರು ಮಾಡಿದರೆ ಅಲ್ಲೇ ಎಚ್ಚರವಾಗಿ. ಅಚ್ಚಿಗೆ ಹೋಗುವ ಅದೇ ಪಿಡಿಎಫ್ ತರಿಸಿಕೊಂಡು 100% ಅಳತೆಯಲ್ಲಿ, 'ಪುಟಕ್ಕೆ ಹೊಂದಿಸು' ಆಯ್ಕೆ ತೆಗೆದು, ಕಾಗದದ ಮೇಲೆ ಪ್ರಿಂಟ್ ಹಾಕಿ. ಸ್ಕೇಲ್ ಇಟ್ಟು 8 ಸೆಂ.ಮೀ. ಇದೆಯಾ ಅಳೆಯಿರಿ. ಆಮೇಲೆ ಮನೆಯ ಹಿರಿಯರೊಬ್ಬರ ಕೈಗೆ ಕೊಟ್ಟು ಜೋರಾಗಿ ಓದಿಸಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ಏನೋ ಇದೆ.

ಇನ್ನೊಂದು ತಿದ್ದುಪಡಿಯನ್ನೂ ಅವರೇ ಮಾಡಿದ್ದರು. ನಾವು ದಿನಾಂಕ ಬರೆದ ಕಡೆ 'ನಿನ್ನೆ ನಿಧನರಾದರು', 'ನಾಳೆ ಸಭೆ' ಅಂತ ಬದಲಿಸಿದ್ದರು. ನಿನ್ನೆ ಅಂದರೆ ಬರೆದ ದಿನದ ನಿನ್ನೆಯೋ, ಓದುವ ದಿನದ ನಿನ್ನೆಯೋ? ಹಲವರು ಸಭೆಗೆ ತಪ್ಪು ದಿನ ಬಂದರು. ದಿನಾಂಕ, ವಾರ ಎರಡೂ ಇರಲಿ. ಒಂದು ತಪ್ಪಾದರೆ ಇನ್ನೊಂದು ಅದನ್ನು ತೋರಿಸಿಕೊಡುತ್ತದೆ.

ಆಮೇಲೆ ನಾವು ಮತ್ತೆ ಕೊಡಿಸಿದ ಪ್ರಕಟಣೆ ಈ ರೀತಿ ಇತ್ತು. ಹೆಸರು, ವಿವರ ತೆಗೆದು ದಿನಾಂಕ ಬದಲಿಸಿದ್ದೇನೆ:

ನಿಧನ

(ಹೆಸರು)

ವಯಸ್ಸು 78
9 ಮಾರ್ಚ್ 2025, ಭಾನುವಾರ
ನಿಧನರಾದರು.
ಶ್ರದ್ಧಾಂಜಲಿ ಸಭೆ: 16 ಮಾರ್ಚ್ 2025, ಭಾನುವಾರ,
ಬೆಳಿಗ್ಗೆ 10 ಗಂಟೆಗೆ
ಸ್ಥಳ: (ಸಭಾಂಗಣದ ಹೆಸರು, ರಸ್ತೆ)
ಪತ್ನಿ, ಮಕ್ಕಳು, ಬಂಧುಗಳು. ಫೋನ್: (ಒಂದೇ ಸಂಖ್ಯೆ)

ಶೀರ್ಷಿಕೆ 11 ಪಾಯಿಂಟ್, ಹೆಸರು 16 ಪಾಯಿಂಟ್ ದಪ್ಪ, ಉಳಿದದ್ದು 10 ಪಾಯಿಂಟ್ ಮಾಮೂಲಿ ಅಕ್ಷರ. ದಪ್ಪ ಅಕ್ಷರ ಹೆಸರಿಗೆ ಮಾತ್ರ. ಸುತ್ತ 1 ಪಾಯಿಂಟ್ ಗೆರೆ, ಒಳಗೆಲ್ಲ ಬಿಳಿ. ಎಲ್ಲ ಸಾಲೂ ಮಧ್ಯಕ್ಕೆ. ಎರಡೂ ಅಂಚಿಗೆ ಎಳೆದು ಸಮ ಮಾಡಿಸಬೇಡಿ. ಕನ್ನಡ ಪದಗಳು ಉದ್ದ, ಕಿರಿದಾದ ಕಾಲಮ್‌ನಲ್ಲಿ ನಡುವೆ ದೊಡ್ಡ ಕಿಂಡಿಗಳು ಬೀಳುತ್ತವೆ. ದೀಪ, ಹೂವು, ಪಾರಿವಾಳ ಯಾವುದೂ ಇರಲಿಲ್ಲ. ಮನೆ ವಿಳಾಸ ಬೇಕಂತಲೇ ಬಿಟ್ಟೆವು: ಇಂಥ ದಿನ, ಇಷ್ಟು ಹೊತ್ತಿಗೆ ಮನೆ ಖಾಲಿ ಅಂತ ಊರಿಗೆಲ್ಲ ಸಾರುವುದು ಯಾಕೆ, ಅಲ್ವಾ?

ಶ್ರದ್ಧಾಂಜಲಿ ಕಾರ್ಡನ್ನೂ ಅದೇ ಏಜೆಂಟ್ ಮಾಡಿಸಿದ್ದರು. ಅಂಚಿಗೆ ತಾಗಿದಂತೆ ತೆಳು ಕಪ್ಪು ಗೆರೆ ಹಾಕಿದ್ದರು. ಕಾರ್ಡಿನ ಕಟ್ಟು ಕತ್ತರಿಸುವಾಗ ಒಂದು ಮಿಲಿಮೀಟರ್ ಆಚೀಚೆ ಆಗುವುದು ಸಹಜ. ಗೆರೆ ಅಂಚಿಗೆ ಅಷ್ಟು ಹತ್ತಿರ ಇದ್ದರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಕಾಣೆ. ನಮ್ಮ ಕಾರ್ಡುಗಳೆಲ್ಲ ಸೊಟ್ಟಗೆ ಕಂಡವು. ಗೆರೆ ಬೇಕೇ ಬೇಕು ಅಂದರೆ ಅಂಚಿನಿಂದ 5 ಮಿ.ಮೀ. ಒಳಗೆ ಹಾಕಿಸಿ. ಗೆರೆಯೇ ಬೇಡ ಅನ್ನುವುದು ನನ್ನ ಅಭಿಪ್ರಾಯ.

ದುಡ್ಡು ವಾಪಸ್ ಬರಲಿಲ್ಲ. 'ನೀವು ಚಿತ್ರಕ್ಕೆ ಸರಿ ಅಂದಿದ್ದಿರಲ್ಲ' ಅಂತ ಏಜೆಂಟ್ ನುಣುಚಿಕೊಂಡರು. ಸರಿ ಅಂದಿದ್ದು ಚಿತ್ರದ ಬರಹಕ್ಕೆ ಮಾತ್ರ, ಅಚ್ಚಾಗಿದ್ದು ಬೇರೆ ಅಂತ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ ಮೇಲೆ ಮರುಪ್ರಕಟಣೆಗೆ ಒಪ್ಪಿದರು. ಆದ್ದರಿಂದ ಒಪ್ಪಿಗೆ ಕೊಡುವಾಗ ಸುಮ್ನೆ 'ಓಕೆ' ಅಂತ ಕಳಿಸಬೇಡಿ. 'ಈ ಪಿಡಿಎಫ್ ಇದ್ದ ಹಾಗೆಯೇ ಅಚ್ಚಾಗಬೇಕು, ಒಂದಕ್ಷರ ಬದಲಿಸಿದರೂ ಮತ್ತೆ ಕೇಳಬೇಕು' ಅಂತ ಬರೆದು, ಫೈಲನ್ನು ಅದೇ ಮೆಸೇಜಿಗೆ ಸೇರಿಸಿ ಕಳಿಸಿ.