ಹೊರಗಿನ ಡಿಸ್ಕ್‌ನಲ್ಲೇ ಓಡುವ ಆಟಗಳು, ಒಳಗೇ ಇರಬೇಕಾದ ಆಟಗಳು

ಮೊದಲ ಮಾದರಿಯ ಪಿಎಸ್5ನಲ್ಲಿ 825 ಜಿಬಿ ಇದೆ ಅಂತ ಬರೆದಿರುತ್ತದೆ. ಅದರಲ್ಲಿ ಆಟಗಳಿಗೆ ಸಿಗುವುದು ಸುಮಾರು 667 ಜಿಬಿ ಮಾತ್ರ. ದೊಡ್ಡ ಆಟ ಒಂದೊಂದೂ 100 ಜಿಬಿ ಹತ್ತಿರ ಬರುತ್ತದೆ. ಹಾಗಾಗಿ ಆರೇಳು ಆಟ ಹಾಕುವಷ್ಟರಲ್ಲಿ ನನ್ನ ಜಾಗ ಮುಗಿದಿತ್ತು. ನನ್ನ ಬಳಿ ಎರಡು ಡಿಸ್ಕ್ ಇದ್ದವು. ಒಂದು, 2 ಟಿಬಿಯ ಹಳೆಯ ಹಾರ್ಡ್ ಡಿಸ್ಕ್. ಇನ್ನೊಂದು, ಯುಎಸ್‌ಬಿ ಕೇಸ್‌ನಲ್ಲಿ ಹಾಕಿದ 1 ಟಿಬಿ ಸಾಟಾ ಎಸ್‌ಎಸ್‌ಡಿ. ಅದೇ ಆಟಗಳನ್ನು ಎರಡರಲ್ಲೂ, ಕನ್ಸೋಲ್ ಒಳಗೂ ಇಟ್ಟು ಆಡಿ ನೋಡಿದೆ.

ಮೊದಲು ನಿಯಮ ಹೇಳಿಬಿಡುತ್ತೇನೆ. ಪಿಎಸ್5ನಲ್ಲಿ ಪಿಎಸ್4 ಆಟಗಳು ಹೊರಗಿನ ಡಿಸ್ಕ್‌ನಿಂದ ನೇರವಾಗಿ ಓಡುತ್ತವೆ. ಪಿಎಸ್5 ಆಟಗಳು ಓಡುವುದಿಲ್ಲ. 2021ರ ಏಪ್ರಿಲ್ ಅಪ್‌ಡೇಟ್ ಬಂದ ಮೇಲೆ ಅವನ್ನು ಹೊರಗೆ ಎತ್ತಿಡಬಹುದು, ಅಷ್ಟೇ. ಆಡಬೇಕು ಅಂದರೆ ಮತ್ತೆ ಒಳಗೆ ತರಬೇಕು.

ಇಲ್ಲಿ ನಾನು ಒಂದು ತಪ್ಪು ಲೆಕ್ಕ ಹಾಕಿದ್ದೆ. ಹಾರ್ಡ್ ಡಿಸ್ಕ್ ನಿಧಾನ, ಅದಕ್ಕೇ ಬಿಡುವುದಿಲ್ಲ, ಎಸ್‌ಎಸ್‌ಡಿ ಆದರೆ ಬಿಡಬಹುದು ಅಂದುಕೊಂಡಿದ್ದೆ. 'ರ‍್ಯಾಚೆಟ್ ಅಂಡ್ ಕ್ಲ್ಯಾಂಕ್: ರಿಫ್ಟ್ ಅಪಾರ್ಟ್' ಆಟವನ್ನು ಎಸ್‌ಎಸ್‌ಡಿಗೆ ಸಾಗಿಸಿ ಒತ್ತಿದೆ. ಆಟ ಶುರುವಾಗಲಿಲ್ಲ, ಒಳಗೆ ತನ್ನಿ ಅಂತಷ್ಟೇ ಬಂತು. ಯುಎಸ್‌ಬಿಯಲ್ಲಿ ಏನೇ ಚುಚ್ಚಿದರೂ ಉತ್ತರ ಇದೇ. ಕನ್ಸೋಲ್ ಡಿಸ್ಕ್‌ನ ವೇಗ ಅಳೆದು ತೀರ್ಮಾನ ಮಾಡುವುದಿಲ್ಲ, ಅದು ಎಲ್ಲಿ ಕೂತಿದೆ ಅಂತ ನೋಡುತ್ತದೆ.

ಇಷ್ಟು ಕಟ್ಟುನಿಟ್ಟು ಯಾಕೆ? ಸಾಮಾನ್ಯ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಓದುತ್ತದೆ. ಪಿಎಸ್5 ಒಳಗಿನ ಎಸ್‌ಎಸ್‌ಡಿ ಸೆಕೆಂಡಿಗೆ 5.5 ಜಿಬಿ ಓದುತ್ತದೆ. ಕನ್ಸೋಲ್‌ನ 16 ಜಿಬಿ ಮೆಮೊರಿಯನ್ನು ಪೂರ್ತಿ ತುಂಬಿಸಲು ಎಸ್‌ಎಸ್‌ಡಿಗೆ ಮೂರು ಸೆಕೆಂಡ್ ಸಾಕು. ಹಾರ್ಡ್ ಡಿಸ್ಕ್‌ಗೆ ಎರಡೂವರೆ ನಿಮಿಷಕ್ಕಿಂತ ಜಾಸ್ತಿ ಬೇಕು. ರಿಫ್ಟ್ ಅಪಾರ್ಟ್‌ನಲ್ಲಿ ಒಂದು ಲೋಕದಿಂದ ಇನ್ನೊಂದಕ್ಕೆ ಕಣ್ಣೆದುರೇ ಜಿಗಿಯುತ್ತೀರಿ. ಮುಂದಿನ ಲೋಕದ ಸರಕು ಆ ಕ್ಷಣಕ್ಕೇ ಡಿಸ್ಕ್‌ನಿಂದ ಬರಬೇಕು. ತಡವಾದರೆ ತೋರಿಸಲು ಏನೂ ಇರುವುದಿಲ್ಲ.

ಹಳೆಯ ಆಟಗಳನ್ನು ಕಟ್ಟಿದ ರೀತಿಯೇ ಬೇರೆ. ಹಾರ್ಡ್ ಡಿಸ್ಕ್‌ನ ಮುಳ್ಳು ಅಲ್ಲಿಂದಿಲ್ಲಿಗೆ ಓಡಾಡುವುದು ತಪ್ಪಲಿ ಅಂತ ಒಂದೇ ವಸ್ತುವಿನ ಪ್ರತಿಗಳನ್ನು ಹಲವು ಕಡೆ ಇಡುತ್ತಿದ್ದರು. ಪಿಎಸ್5 ರೂಪಿಸಿದ ಮಾರ್ಕ್ ಸರ್ನಿ 2020ರ ಮಾರ್ಚ್‌ನಲ್ಲಿ ಇದನ್ನು ವಿವರಿಸುತ್ತಾ ಸ್ಪೈಡರ್-ಮ್ಯಾನ್ ಆಟದ ಉದಾಹರಣೆ ಕೊಟ್ಟಿದ್ದರು. ಬೀದಿಯಲ್ಲಿ ಕಾಣುವ ಅಂಚೆ ಪೆಟ್ಟಿಗೆಯಂಥ ಕೆಲವು ವಸ್ತುಗಳು ಡಿಸ್ಕ್‌ನಲ್ಲಿ 400 ಸಲದವರೆಗೂ ಇದ್ದವಂತೆ. ನಿಧಾನದ ಡಿಸ್ಕ್ ಇರುತ್ತದೆ ಅಂತ ತಿಳಿದೇ ಮಾಡಿದ ಆಟಗಳು ಇವು. ಅದಕ್ಕೇ ಹೊರಗಿನಿಂದಲೂ ಸಲೀಸಾಗಿ ಓಡುತ್ತವೆ.

ಈಗ ನನ್ನ ಪ್ರಯೋಗಕ್ಕೆ ಬರೋಣ. 'ರೆಡ್ ಡೆಡ್ ರಿಡೆಂಪ್ಶನ್ 2'ರ ಪಿಎಸ್4 ಆವೃತ್ತಿ 100 ಜಿಬಿ ದಾಟುತ್ತದೆ, ಹಾಗಾಗಿ ಹೊರಗೆ ಹಾಕಲು ಇದಕ್ಕಿಂತ ಒಳ್ಳೆಯದು ಸಿಗಲಿಲ್ಲ. ಹಾರ್ಡ್ ಡಿಸ್ಕ್‌ನಿಂದ ಕಥೆಯೊಳಗೆ ಇಳಿಯಲು ಒಂದು ನಿಮಿಷಕ್ಕೂ ಮೀರಿ ಕಾಯಬೇಕಾಯಿತು. ಯುಎಸ್‌ಬಿ ಎಸ್‌ಎಸ್‌ಡಿಯಲ್ಲಿ ಅದು ಸುಮಾರು ಅರ್ಧಕ್ಕೆ ಇಳಿಯಿತು. ಒಳಗಿನ ಎಸ್‌ಎಸ್‌ಡಿಗೆ ತಂದ ಮೇಲೆ ಇನ್ನೂ ತುಂಬಾ ಇಳಿಯುತ್ತದೆ ಅಂದುಕೊಂಡೆ. ಒಂದೆರಡು ಸೆಕೆಂಡ್ ವ್ಯತ್ಯಾಸ, ಅಷ್ಟೇ. ನನಗೆ ಹೆಚ್ಚು ಆಶ್ಚರ್ಯ ಆದದ್ದು ಇಲ್ಲಿ. ಹಳೆಯ ಆಟಕ್ಕೆ ಡಿಸ್ಕ್ ಎಷ್ಟು ಬೇಗ ಕೊಟ್ಟರೂ ಅದನ್ನು ಬಿಚ್ಚಿ ಜೋಡಿಸುವ ಕೆಲಸ ಅದರ ಹಳೆಯ ವೇಗದಲ್ಲೇ ನಡೆಯುತ್ತದೆ. ಒಳಗಿನ ಬೆಲೆಬಾಳುವ ಜಾಗವನ್ನು ಪಿಎಸ್4 ಆಟಕ್ಕೆ ಕೊಡುವುದು ಸುಮ್ನೆ ವ್ಯರ್ಥ ಅಂತ ಆಗ ಮನವರಿಕೆಯಾಯಿತು. ಲೋಡ್ ಆದ ಮೇಲೆ ಆಟದಲ್ಲಿ, ಚಿತ್ರದಲ್ಲಿ, ಮೂರು ಕಡೆಯೂ ಏನೂ ಬೇರೆ ಕಾಣಲಿಲ್ಲ.

ಗೊಂದಲ ಆಗುವುದು 'ದಿ ವಿಚರ್ 3' ಥರದ ಆಟಗಳಲ್ಲಿ. ಇದಕ್ಕೆ 2022ರ ಡಿಸೆಂಬರ್‌ನಲ್ಲಿ ಪಿಎಸ್5 ಆವೃತ್ತಿ ಬಂತು. ಆಟ ಒಂದೇ, ಆದರೆ ಪಿಎಸ್4 ಆವೃತ್ತಿ ಹೊರಗಿನಿಂದ ಓಡುತ್ತದೆ, ಪಿಎಸ್5 ಆವೃತ್ತಿ ಓಡುವುದಿಲ್ಲ. ನಿಮ್ಮಲ್ಲಿ ಯಾವುದಿದೆ ಅಂತ ತಿಳಿಯಲು ಆಟದ ಪುಟದಲ್ಲಿ ಡೌನ್‌ಲೋಡ್ ಬಟನ್ ಪಕ್ಕದ ಮೂರು ಚುಕ್ಕೆ ಒತ್ತಿ. ಅಲ್ಲಿ ಎರಡೂ ಆವೃತ್ತಿ ಕಾಣುತ್ತವೆ, ಬೇಕಾದ್ದನ್ನು ಆರಿಸಬಹುದು. ನಾನು ಪಿಎಸ್5 ಆವೃತ್ತಿಯನ್ನು ಒಳಗೇ ಇಟ್ಟುಕೊಂಡೆ. ಚಿತ್ರ ಚೆನ್ನಾಗಿದೆ, ಒಂದೂರಿಂದ ಇನ್ನೊಂದೂರಿಗೆ ಹಾರುವಾಗ ಕಾಯುವುದು ತೀರಾ ಕಡಿಮೆ. ಈ ಆಟದ ಮಟ್ಟಿಗೆ ಒಳಗಿನ ಜಾಗ ಕೊಟ್ಟದ್ದು ಸಾರ್ಥಕ.

ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಎಸ್ ಕಥೆಯೂ ಹೆಚ್ಚುಕಡಿಮೆ ಹೀಗೆಯೇ. ಎಕ್ಸ್‌ಬಾಕ್ಸ್ ಒನ್, 360 ಮತ್ತು ಮೊದಲ ಎಕ್ಸ್‌ಬಾಕ್ಸ್‌ನ ಆಟಗಳು ಯುಎಸ್‌ಬಿ 3.0 ಡಿಸ್ಕ್‌ನಿಂದ ಓಡುತ್ತವೆ. Optimized for Xbox Series X|S ಅಂತ ಗುರುತಿರುವ ಆಟಗಳನ್ನು ಒಳಗೆ ಅಥವಾ ಹಿಂದೆ ಚುಚ್ಚುವ ವಿಶೇಷ ಕಾರ್ಡ್‌ನಲ್ಲಿ ಇಡಬೇಕು. ಗೆಳೆಯನ ಹತ್ತಿರ 512 ಜಿಬಿಯ ಸೀರೀಸ್ ಎಸ್ ಇದೆ. ಅದರಲ್ಲಿ ಬಳಸಲು ಸಿಗುವುದು 364 ಜಿಬಿ. ನನ್ನದಕ್ಕಿಂತ ಅವನಿಗೇ ಹೊರಗಿನ ಡಿಸ್ಕ್ ಜಾಸ್ತಿ ಬೇಕು ಅಲ್ವಾ? ಒಂದು ಅನುಕೂಲ ಅವನ ಕಡೆಗಿದೆ. ಎಕ್ಸ್‌ಬಾಕ್ಸ್‌ಗೆ ಒಂದಕ್ಕಿಂತ ಹೆಚ್ಚು ಡಿಸ್ಕ್ ಹಾಕಬಹುದು, ಪಿಎಸ್5 ಆಟಗಳ ಯುಎಸ್‌ಬಿ ಡಿಸ್ಕ್ ಒಂದನ್ನೇ ಒಪ್ಪುತ್ತದೆ.

ಹೊಸ ಆಟಗಳಿಗೆ ಹೊರಗಿನ ಡಿಸ್ಕ್ ಗೋದಾಮು ಇದ್ದ ಹಾಗೆ. 100 ಜಿಬಿ ಆಟ ಹಾರ್ಡ್ ಡಿಸ್ಕ್‌ನಿಂದ ಒಳಗೆ ಬರಲು ನನಗೆ ಹದಿನೈದು ಇಪ್ಪತ್ತು ನಿಮಿಷ ಹಿಡಿಯಿತು. ಎಸ್‌ಎಸ್‌ಡಿಯಿಂದ ಐದು ನಿಮಿಷದ ಆಸುಪಾಸು. ಮತ್ತೆ ಡೌನ್‌ಲೋಡ್ ಮಾಡುವುದಕ್ಕಿಂತ ಎರಡೂ ವಾಸಿ. ಆದರೆ ಒಂದೇ ಡಿಸ್ಕ್ ಕೊಳ್ಳುವವರು ಪಿಎಸ್4 ಆಟ ಆಡುವವರಾದರೆ ಎಸ್‌ಎಸ್‌ಡಿಯನ್ನೇ ಆರಿಸಿ. ಬರೀ ಎತ್ತಿಡಲು ಅಂದರೆ ಹಾರ್ಡ್ ಡಿಸ್ಕ್ ಧಾರಾಳ ಸಾಕು.

ಜೋಡಿಸುವಾಗ ನಾನು ಎಡವಿದ್ದನ್ನೂ ಹೇಳುತ್ತೇನೆ. ಮೊದಲ ಪಿಎಸ್5ನ ಮುಂದಿರುವ ಚೌಕಾಕಾರದ ಯುಎಸ್‌ಬಿ ಕಿಂಡಿಗೆ ಡಿಸ್ಕ್ ಹಾಕಿದ್ದೆ. ಅದು ಹಳೆಯ, ನಿಧಾನದ ಯುಎಸ್‌ಬಿ. ಡಿಸ್ಕ್ ಆಟಗಳಿಗೆ ಸಿದ್ಧವಾಗಲೇ ಇಲ್ಲ. ಹಿಂದಿನ ಕಿಂಡಿಗೆ ಬದಲಿಸಿದ ಕೂಡಲೇ ಸರಿಹೋಯಿತು. ಹಬ್ ಮೂಲಕ ಹಾಕಿದರೂ ಆಗುವುದಿಲ್ಲ, ನೇರವಾಗಿಯೇ ಚುಚ್ಚಬೇಕು. ಡಿಸ್ಕ್ 250 ಜಿಬಿಗಿಂತ ಕಡಿಮೆ ಇರಬಾರದು. ಫಾರ್ಮ್ಯಾಟ್ ಮಾಡಿದಾಗ ಅದರಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ, ಫೋಟೊ ಇದ್ದರೆ ಮೊದಲೇ ತೆಗೆದಿಡಿ. ಆಮೇಲೆ Settings > Storage ಒಳಗೆ Installation Location ಅಂತ ಇದೆ. ಪಿಎಸ್4 ಆಟಗಳು ಹೊರಗೆ, ಪಿಎಸ್5 ಆಟಗಳು ಒಳಗೆ ಅಂತ ಅಲ್ಲಿ ಒಮ್ಮೆ ಹೇಳಿಟ್ಟರೆ ಮುಂದಿನ ಡೌನ್‌ಲೋಡ್‌ಗಳು ತಾವಾಗಿಯೇ ಸರಿಯಾದ ಕಡೆ ಹೋಗುತ್ತವೆ.

ಪಿಎಸ್5 ಆಟಗಳೇ ಜಾಸ್ತಿ ಅನ್ನುವವರಿಗೆ ಯುಎಸ್‌ಬಿಯಿಂದ ಪರಿಹಾರ ಸಿಗುವುದಿಲ್ಲ. ಕನ್ಸೋಲ್ ಕವಚದೊಳಗೆ ಕೂರುವ ಎಂ.2 ಎಸ್‌ಎಸ್‌ಡಿ ಬೇಕು. 2021ರ ಸೆಪ್ಟೆಂಬರ್‌ನಿಂದ ಇದಕ್ಕೆ ಅವಕಾಶ ಇದೆ. ನಾಲ್ಕನೇ ತಲೆಮಾರಿನ ಪಿಸಿಐಇ, ಸೆಕೆಂಡಿಗೆ 5,500 ಎಂಬಿ ಅಥವಾ ಹೆಚ್ಚಿನ ವೇಗ, ಜೊತೆಗೆ ಹೀಟ್‌ಸಿಂಕ್, ಇವನ್ನು ನೋಡಿ ಕೊಳ್ಳಬೇಕು. ಕೊನೆಗೆ ನಾನೂ ಒಂದು ಹಾಕಿಸಿಕೊಂಡೆ. ಎಸ್‌ಎಸ್‌ಡಿ ಕೇಸ್‌ನಲ್ಲಿ ಓಡಲು ಒಪ್ಪದ ಅದೇ ರಿಫ್ಟ್ ಅಪಾರ್ಟ್ ಇದರಿಂದ ತಡವಿಲ್ಲದೆ ಶುರುವಾಯಿತು. ಲೋಕದಿಂದ ಲೋಕಕ್ಕೆ ಜಿಗಿಯುವಾಗಲೂ ಒಳಗಿದ್ದಾಗಿನ ಹಾಗೆಯೇ ಓಡಿತು.