ಪ್ಯಾರಾಮೀಟರೋ ಸ್ಟ್ಯಾಟಿಸ್ಟಿಕ್ಕೋ? ಯಾವ ತಪ್ಪಿಗೆ ಯಾವ ಹೆಸರು?

ಐದು ಜನರ ಎತ್ತರ 150, 160, 170, 180, 190 ಸೆಂ.ಮೀ. ಎಂದುಕೊಳ್ಳಿ. ನಮ್ಮ ಪ್ರಶ್ನೆ ಈ ಐವರ ಬಗ್ಗೆ ಮಾತ್ರ ಆಗಿದ್ದರೆ ಇವರೇ ಸಮಷ್ಟಿ. ಇವರ ಸರಾಸರಿ 170. ಇದು ಪ್ಯಾರಾಮೀಟರ್, ಅಲ್ಲಾಡುವುದಿಲ್ಲ.

ಚೀಟಿ ಎತ್ತಿ ಇಬ್ಬರನ್ನು ಆರಿಸಿದರೆ ಅದು ಸ್ಯಾಂಪಲ್. 160 ಮತ್ತು 170 ಸಿಕ್ಕರೆ ಸರಾಸರಿ 165. 170 ಮತ್ತು 190 ಸಿಕ್ಕರೆ 180. ಹೀಗೆ ಚೀಟಿ ಬದಲಾದಂತೆ ಬದಲಾಗುವುದೇ ಸ್ಟ್ಯಾಟಿಸ್ಟಿಕ್.

165 ಬಂದಾಗ 5 ಸೆಂ.ಮೀ. ಕಡಿಮೆ ಆಯಿತು, ಅಲ್ವಾ? ಅದು ಸ್ಯಾಂಪ್ಲಿಂಗ್ ದೋಷ. ಯಾರೂ ತಪ್ಪು ಮಾಡಿಲ್ಲ, ಚೀಟಿ ಹಾಗೆ ಬಂತು ಅಷ್ಟೇ. ಐವರನ್ನೂ ಅಳೆದರೆ ಇದು ಸೊನ್ನೆ.

ಈಗ ಟೇಪಿನ ಮೊದಲ 2 ಸೆಂ.ಮೀ. ಹರಿದುಹೋಗಿದೆ, ಯಾರೂ ಗಮನಿಸಿಲ್ಲ. ಪ್ರತಿ ಅಳತೆಯೂ 2 ಜಾಸ್ತಿ. ಐವರನ್ನೂ ಅಳೆದರೂ 172 ಬರುತ್ತದೆ! ಇದು ಸ್ಯಾಂಪ್ಲಿಂಗ್‌ಗೆ ಸೇರದ ದೋಷ. ಸುಮ್ನೆ ಸ್ಯಾಂಪಲ್ ದೊಡ್ಡದು ಮಾಡಿದರೆ ಹೋಗದು, ಟೇಪನ್ನೇ ಬದಲಿಸಬೇಕು.